ಅರ್ಥಶಾಸ್ತ್ರ ಪತ್ರಿಕೆ: ಸಮಯ ಹಂಚಿಕೆ ಕಾರ್ಡು (100 ಅಂಕ, 180 ನಿಮಿಷ, ಬೆಳಗ್ಗೆ 10ರಿಂದ ಮಧ್ಯಾಹ್ನ 1)

ಈ ಕಾರ್ಡನ್ನು ಹಾಲ್ ಒಳಗೆ ಒಯ್ಯುವಂತಿಲ್ಲ. ಹಾಗಾಗಿ ಐದು ಹೊತ್ತುಗಳನ್ನು ಬಾಯಿಪಾಠ ಮಾಡಿಕೊಳ್ಳಿ: 10:28, 11:08, 11:44, 12:24, 12:48. ಕೂತ ಕೂಡಲೇ ಅವನ್ನು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ, ಕಚ್ಚಾ ಕೆಲಸದ ಜಾಗದಲ್ಲಿ, ಪೆನ್ಸಿಲ್‌ನಿಂದ ಬರೆದುಕೊಳ್ಳಿ.

| ಹೊತ್ತು | ಕೆಲಸ | ಅಂಕ | ನಿಮಿಷ | ನಿಮಿಷಕ್ಕೆ ಅಂಕ | ಮುಗಿದಾಗ ಒಟ್ಟು |
|---|---|---|---|---|---|
| 10:00–10:08 | ಓದು, ಪ್ರಶ್ನೆಗಳ ಆಯ್ಕೆ | – | 8 | – | 0 |
| 10:08–10:28 | ಎ: ಬಹು ಆಯ್ಕೆ, 20 × 1 | 20 | 20 | 1.00 | 20 |
| 10:28–11:08 | ಡಿ: ಮೊದಲ ಎರಡು, 2 × 10 | 20 | 40 | 0.50 | 40 |
| 11:08–11:44 | ಸಿ: ಒಂಬತ್ತರಲ್ಲಿ ಆರು, 6 × 4 | 24 | 36 | 0.67 | 64 |
| 11:44–12:24 | ಡಿ: ಉಳಿದ ಎರಡು, 2 × 10 | 20 | 40 | 0.50 | 84 |
| 12:24–12:48 | ಬಿ: ಹತ್ತರಲ್ಲಿ ಎಂಟು, 8 × 2 | 16 | 24 | 0.67 | 100 |
| 12:48–1:00 | ಪರಿಶೀಲನೆ | – | 12 | – | – |

ಈ ಲೆಕ್ಕ ಬಂದದ್ದು ಹೀಗೆ

ಓದಿಗೆ 8, ಪರಿಶೀಲನೆಗೆ 12 ಕಳೆದರೆ ಬರೆಯಲು ಉಳಿಯುವುದು 160 ನಿಮಿಷ. 100 ಅಂಕಕ್ಕೆ 160 ಎಂದರೆ ನಿಮಿಷಕ್ಕೆ 0.625 ಅಂಕ. ಎಲ್ಲ ವಿಭಾಗಕ್ಕೂ ಇದೇ ದರ ಹಾಕಿದರೆ ಎ ವಿಭಾಗಕ್ಕೆ 32 ನಿಮಿಷ ಸಿಗುತ್ತದೆ, ಡಿ ವಿಭಾಗದ ಒಂದು ಪ್ರಶ್ನೆಗೆ 16. ಎರಡೂ ಸರಿಹೋಗುವುದಿಲ್ಲ. ಎ ವಿಭಾಗದಲ್ಲಿ ಬರೆಯುವುದು ಒಂದೇ ಅಕ್ಷರ, ಗೊತ್ತಿದ್ದರೆ ಅರ್ಧ ನಿಮಿಷ ಸಾಕು. ಡಿ ಉತ್ತರಕ್ಕೆ ಮೂರು ಪುಟ ಬೇಕು. ತರಗತಿಯಲ್ಲಿ ಗಡಿಯಾರ ಇಟ್ಟು ನೋಡಿದಾಗ ನಿಮ್ಮಲ್ಲಿ ಹೆಚ್ಚಿನವರಿಗೆ ಪುಟಕ್ಕೆ ಆರು ನಿಮಿಷ ಹಿಡಿಯಿತು, ಅಂದರೆ ಬರವಣಿಗೆಯೇ 18, ಅಂಶಗಳನ್ನು ಜೋಡಿಸಲು 2. ಎ ವಿಭಾಗದಿಂದ 12 ನಿಮಿಷ, ಬಿ ಮತ್ತು ಸಿ ಎರಡರಿಂದ 4 ನಿಮಿಷ ತೆಗೆದು ಡಿ ವಿಭಾಗಕ್ಕೆ ಕೊಟ್ಟದ್ದು ಇದಕ್ಕೇ.

ಡಿ ವಿಭಾಗದ ದರ 0.50, ಎಲ್ಲಕ್ಕಿಂತ ಕಡಿಮೆ. ಹಾಗೆಂದು ಅದನ್ನು ಹಿಂದಕ್ಕೆ ತಳ್ಳಬೇಡಿ. ಪತ್ರಿಕೆಯ 40 ಅಂಕ ಅಲ್ಲೇ ಇದೆ, ಬೇರೆ ವಿಭಾಗಗಳು ಮುಗಿದ ಮೇಲೆ ಆ ಅಂಕ ಇನ್ನೆಲ್ಲೂ ಸಿಗುವುದಿಲ್ಲ. ನೋಡಬೇಕಾದದ್ದು ಸರಾಸರಿ ದರವನ್ನಲ್ಲ, ಮುಂದಿನ ನಿಮಿಷ ಎಷ್ಟು ತರುತ್ತದೆ ಎಂಬುದನ್ನು. ಸೀಮಾಂತ ತುಷ್ಟಿಗುಣದ ಪಾಠದಲ್ಲಿ ಓದಿದ್ದೂ ಇದನ್ನೇ. ಗೊಸ್ಸೆನ್ 1854ರಲ್ಲಿ ಈ ನಿಯಮ ಬರೆದಾಗ ಹಂಚಬೇಕಾದ ಕೊರತೆಯ ವಸ್ತುವಾಗಿ ಎತ್ತಿಕೊಂಡದ್ದು ಹಣವನ್ನಲ್ಲ, ಸಮಯವನ್ನು.

ಒಂದು ಡಿ ಉತ್ತರವನ್ನು ಬಿಡಿಸಿ ನೋಡಿ. ಪ್ರಶ್ನೆ: ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವದ ವಿಧಗಳನ್ನು ರೇಖಾಚಿತ್ರಗಳೊಂದಿಗೆ ವಿವರಿಸಿ. ಅರ್ಥ, ಸೂತ್ರ, ಐದು ವಿಧಗಳ ಹೆಸರು, ಒಂದೊಂದಕ್ಕೂ ಚಿಕ್ಕ ಚಿತ್ರ, ಇಷ್ಟು 12 ನಿಮಿಷದಲ್ಲಿ ಮುಗಿದರೆ 6 ಅಂಕ ಕೈಗೆ ಬಂದಂತೆ. ಒಂದೊಂದು ವಿಧಕ್ಕೂ ಎರಡು ಸಾಲು ವಿವರಣೆ ಮತ್ತು ಉದಾಹರಣೆಗೆ ಇನ್ನೂ 8 ನಿಮಿಷ, ಸಿಗುವುದು 2ರಿಂದ 3. ಮೊದಲ 12 ನಿಮಿಷದ ದರ 0.50, ನಂತರದ್ದು 0.25ರಿಂದ 0.38. ಇಪ್ಪತ್ತು ದಾಟಿ ಇನ್ನೊಂದು ಪ್ಯಾರಾ ಸೇರಿಸಿದರೆ ಬರುವುದು ಅರ್ಧ ಅಂಕ, ಅದೂ ಬಂದರೆ. ಅದೇ ಐದಾರು ನಿಮಿಷದಲ್ಲಿ ಸಿ ವಿಭಾಗದ ಒಂದು ಹೊಸ ಪ್ರಶ್ನೆ 3 ಅಂಕ ತರುತ್ತದೆ. ಈ ಅಂಕಗಳು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಕಂಡದ್ದರ ಅಂದಾಜು, ನಿಮ್ಮದು ತುಸು ಆಚೀಚೆ ಇರಬಹುದು. ಆದರೆ ಏರುವಾಗ ಬೇಗ, ಆಮೇಲೆ ನಿಧಾನ ಎಂಬುದು ಎಲ್ಲರ ಉತ್ತರದಲ್ಲೂ ಒಂದೇ.

ಆದ್ದರಿಂದ ಡಿ ಪ್ರಶ್ನೆಗೆ 20 ನಿಮಿಷ ಆಯಿತೆಂದರೆ ಬರೆಯುತ್ತಿರುವ ವಾಕ್ಯ ಮುಗಿಸಿ, ಅರ್ಧ ಪುಟ ಖಾಲಿ ಬಿಟ್ಟು ಮುಂದಕ್ಕೆ ಹೋಗಿ. ಚೆನ್ನಾಗಿ ಗೊತ್ತಿರುವ ಪ್ರಶ್ನೆಯಲ್ಲೇ ಈ ನಿಯಮ ಮುರಿಯುವ ಆಸೆ ಹೆಚ್ಚು, ಅಲ್ಲೇ ಗಟ್ಟಿಯಾಗಿರಿ.

ಬಿ ಏಕೆ ಕೊನೆಗೆ

ಸಣ್ಣ ಪ್ರಶ್ನೆಗಳನ್ನು ಮೊದಲೇ ಮುಗಿಸುವುದು ಹಲವರ ರೂಢಿ. ನಾನು ಒಪ್ಪುವುದಿಲ್ಲ. ಕೊನೆಗೆ ಇರಬೇಕಾದದ್ದು ಕುಗ್ಗಿಸಬಹುದಾದ ಕೆಲಸ. ಅವಕಾಶ ವೆಚ್ಚ ಎಂದರೇನು ಎಂಬ ಪ್ರಶ್ನೆಗೆ 3 ನಿಮಿಷ ಇಟ್ಟಿದ್ದೇವೆ, ಅವಸರವಾದರೆ 2 ನಿಮಿಷದಲ್ಲಿ ವ್ಯಾಖ್ಯೆ ಮತ್ತು ಒಂದು ಸಾಲಿನ ಉದಾಹರಣೆ ಬರೆದು ಎರಡೂ ಅಂಕ ಪಡೆಯಬಹುದು. ಡಿ ಉತ್ತರವನ್ನು ಹಾಗೆ ಹಿಂಡಲು ಬರುವುದಿಲ್ಲ. ಡಿ ಪ್ರಶ್ನೆಗಳನ್ನು ಎರಡು ಕಂತು ಮಾಡಿದ್ದು ಕೈಗೋಸ್ಕರ: ಸತತ 80 ನಿಮಿಷ ಬರೆದರೆ ಕೊನೆಯ ಪುಟದ ಅಕ್ಷರ ಕೆಡುತ್ತದೆ. ನಡುವೆ ಸಿ ಬಂದರೆ ಪ್ರಶ್ನೆಗೊಮ್ಮೆ ಕೈಗೆ ವಿರಾಮ ಸಿಗುತ್ತದೆ.

ಎ ವಿಭಾಗದಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಒಂದು ಪ್ರಶ್ನೆ ಒಂದೂವರೆ ನಿಮಿಷ ತಿಂದರೆ ಗುರುತು ಹಾಕಿ ದಾಟಿ. ಕಣ್ಣುಮುಚ್ಚಿ ಆರಿಸಿದರೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ, ಎರಡು ಆಯ್ಕೆ ತಪ್ಪೆಂದು ಖಚಿತವಾದರೆ ಅದು ಅರ್ಧಕ್ಕೆ ಏರುತ್ತದೆ.

ಮೊದಲ 8 ನಿಮಿಷ

ಡಿ ವಿಭಾಗದ ಆರೂ ಪ್ರಶ್ನೆ ಓದಿ ನಾಲ್ಕನ್ನು ಆರಿಸಿ, ಒಂದೊಂದರ ಪಕ್ಕ ಎರಡು ಮೂರು ಪದ ಬರೆಯಿರಿ. ರೇಖಾಚಿತ್ರಗಳನ್ನು ಎಣಿಸಿ: ಚಿತ್ರಕ್ಕೆ ಒಂದೂವರೆ ನಿಮಿಷ ಹಿಡಿದರೆ ಐದು ಚಿತ್ರಕ್ಕೆ ಏಳೂವರೆ, ಆ ಪ್ರಶ್ನೆಯಲ್ಲಿ ವಿವರಣೆ ಚಿಕ್ಕದಾಗಲೇಬೇಕು. ಅತಿ ಚೆನ್ನಾಗಿ ಬರುವ ಎರಡನ್ನು ಮೊದಲ ಕಂತಿಗೆ ಇಡಿ. ಬಿ, ಸಿ ಆಯ್ಕೆಗೆ ಒಂದೇ ಸಲ ಕಣ್ಣಾಡಿಸಿದರೆ ಸಾಕು.

ತಡವಾದರೆ

5 ನಿಮಿಷದವರೆಗೆ: ಏನೂ ಬದಲಿಸಬೇಡಿ, ಅದು ಪರಿಶೀಲನೆಯ 12ರಿಂದ ಹೋಗಲಿ.

11:08ರ ಕೆಲಸ 11:18ಕ್ಕೆ ಮುಗಿದರೆ: ಸಿ ಪ್ರಶ್ನೆಗೆ 6ರ ಬದಲು 5. ಅಲ್ಲಿ 6 ನಿಮಿಷ ಉಳಿಯಿತು, ಮಿಕ್ಕ 4 ಪರಿಶೀಲನೆಯಿಂದ.

12:24ರ ಕೆಲಸ 12:44ಕ್ಕೆ ಮುಗಿದರೆ: ಬಿ ಪ್ರಶ್ನೆಗೆ ಎರಡೆರಡೇ ನಿಮಿಷ, ಎಂಟಕ್ಕೆ 16, ಸರಿಯಾಗಿ 1:00. ಪರಿಶೀಲನೆ ಇಲ್ಲ.

ಅದಕ್ಕಿಂತಲೂ ತಡವಾಗಿ, ನಾಲ್ಕನೆಯ ಡಿ ಉತ್ತರ ಇನ್ನೂ ಶುರುವೇ ಆಗಿಲ್ಲದೆ ಗಂಟೆ 12:32 ಆಗಿದ್ದರೆ: ಡಿ ಉತ್ತರಕ್ಕೆ 12 ನಿಮಿಷ ಮಾತ್ರ, ವ್ಯಾಖ್ಯೆ, ಅಂಶಗಳು, ಚಿತ್ರ. ಪೂರ್ಣ ವಾಕ್ಯಗಳ ಗೊಡವೆ ಬೇಡ. 12:44ಕ್ಕೆ ಬಿ.

12:48ರ ನಂತರ

ಈ ಕ್ರಮದಲ್ಲೇ: ಎ ವಿಭಾಗದಲ್ಲಿ ಖಾಲಿ ಉಳಿದವು; ಪ್ರಶ್ನೆ ಸಂಖ್ಯೆಗಳು; ಬಿಯಲ್ಲಿ ಎಂಟು, ಸಿಯಲ್ಲಿ ಆರು, ಡಿಯಲ್ಲಿ ನಾಲ್ಕು ಉತ್ತರ ಇವೆಯೇ ಎಂಬ ಎಣಿಕೆ; ಪ್ರತಿ ಬೇಡಿಕೆ ಚಿತ್ರದಲ್ಲೂ ಲಂಬ ಅಕ್ಷಕ್ಕೆ ಬೆಲೆ, ಅಡ್ಡ ಅಕ್ಷಕ್ಕೆ ಪ್ರಮಾಣ ಎಂದು ಬರೆದಿದೆಯೇ; ಹೆಚ್ಚುವರಿ ಹಾಳೆಗಳ ಮೇಲೆ ನೋಂದಣಿ ಸಂಖ್ಯೆ. ಇನ್ನೂ ಹೊತ್ತಿದ್ದರೆ ಡಿ ಉತ್ತರಗಳಲ್ಲಿ ಬಿಟ್ಟ ಅರ್ಧ ಪುಟಗಳಿಗೆ ಮರಳಿ, ಒಂದೊಂದಕ್ಕೂ ಒಂದು ಉದಾಹರಣೆ ಸೇರಿಸಿ.