ಖಣದ ಬ್ಲೌಸ್, ಆರು ರೀಲ್ಸ್

ರೀಲ್ 1: ಅಳತೆ

ಅಳತೆಗೆ ಅಂತ ಕೊಟ್ಟ ಬ್ಲೌಸೇ ಅವರಿಗೆ ಬಿಗಿ!

ಒಬ್ಬ ಅಕ್ಕ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ತಂದರು. ಜೊತೆಗೆ ಹಳೇದೊಂದು ಬ್ಲೌಸ್. "ಇದೇ ಥರ ಹೊಲಿ. ಕಂಕುಳಲ್ಲಿ ಸ್ವಲ್ಪ ಸಡಿಲ, ತೋಳು ಸ್ವಲ್ಪ ಉದ್ದ, ಹಿಂದೆ ಸ್ವಲ್ಪ ಡೀಪ್." ಹಾಗಾದರೆ ಇದೇ ಥರ ಅನ್ನೋದು ಎಲ್ಲಿ ಉಳಿಯಿತು, ಅಲ್ವಾ? ಸುಮ್ನೆ ಟೇಪ್ ತೆಗೆದು ಹೊಸದಾಗಿ ಅಳತೆ ತಗೊಂಡೆ.

ರೀಲ್ 2: ಲೈನಿಂಗ್

ಹೊಸ ಬಟ್ಟೆ ತಂದು ಮೊದಲು ಬಕೆಟ್ ನೀರಿಗೆ ಹಾಕಿದೆ.

ಕಾಟನ್ ಲೈನಿಂಗ್ ನೀರು ಕಂಡರೆ ಕುಗ್ಗುತ್ತದೆ. ಕುಗ್ಗೋದಿದ್ದರೆ ಕತ್ತರಿ ಹಾಕುವ ಮುಂಚೆಯೇ ಕುಗ್ಗಲಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಎಳೆದು, ಮೇಲಿನ ಖಣ ಸುಕ್ಕು ಸುಕ್ಕಾಗುತ್ತದೆ.

ರೀಲ್ 3: ಕಟಿಂಗ್

ಒಂದ್ಸಲ ಎರಡೂ ತೋಳು ಎಡಗೈಗೇ ಕತ್ತರಿಸಿಬಿಟ್ಟಿದ್ದೆ.

ನಗಬೇಡಿ! ತೋಳಿನ ಮೇಲ್ಭಾಗ ನೋಡಿ: ಮುಂದಿನ ಕಡೆ ಜಾಸ್ತಿ ಒಳಗೆ ಬಾಗಿರುತ್ತದೆ, ಹಿಂದಿನ ಕಡೆ ಕಡಿಮೆ. ಹಾಗಾಗಿ ಬಲ ಎಡ ಬೇರೆ ಬೇರೆ. ಬಟ್ಟೆಯ ಒಳಮೈ ಹೊರಮೈ ನೋಡದೆ ಒಂದೊಂದೇ ಕತ್ತರಿಸಿದರೆ ಎರಡೂ ಒಂದೇ ಕೈಯದ್ದಾಗುತ್ತವೆ. ಅವತ್ತು ಅದೇ ಬಣ್ಣದ ಪೀಸ್ ಹುಡುಕಿಕೊಂಡು ಹುಬ್ಬಳ್ಳಿ ಪೇಟೆಯೆಲ್ಲ ಸುತ್ತಿದೆ. ದುಡ್ಡು ನನ್ನದೇ. ಈಗ ಹೊರಮೈಗೆ ಹೊರಮೈ ತಾಗಿಸಿ, ಮಡಚಿಟ್ಟು ಎರಡನ್ನೂ ಒಟ್ಟಿಗೇ ಕತ್ತರಿಸುತ್ತೇನೆ. ಖಣದ ಅಂಚು ಎರಡೂ ತೋಳಿನ ತುದಿಗೆ ಸರಿಯಾಗಿ ಬಂತಾ ಅಂತ ಮೂರು ಸಲ ನೋಡುತ್ತೇನೆ.

ರೀಲ್ 4: ಪೈಪಿಂಗ್

ಬಟ್ಟೆ ಓರೆಯಾಗಿ ಕತ್ತರಿಸಿದ್ದು ಕೈ ಜಾರಿ ಅಲ್ಲ.

ನೇರ ಪಟ್ಟಿ ಕತ್ತಿನ ತಿರುವಿನಲ್ಲಿ ಬಾಗಲ್ಲ, ಎದ್ದು ನಿಲ್ಲುತ್ತದೆ. ಕ್ರಾಸ್ ಪಟ್ಟಿ ಹಿಗ್ಗುತ್ತದೆ, ಹೇಳಿದ ಕಡೆ ತಿರುಗುತ್ತದೆ.

ರೀಲ್ 5: ಮಾರ್ಜಿನ್

ಮದುವೆಯಾದ ಮೇಲೆ ಬೇಕಾಗುವ ಒಂದು ಇಂಚು ಇದು 😄

ಪಕ್ಕದಲ್ಲಿ ಒಂದರ ಪಕ್ಕ ಒಂದು, ಮೂರು ಹೊಲಿಗೆ ಹಾಕಿದ್ದೇನೆ. ಮೈ ತುಂಬಿಕೊಂಡರೆ ಒಳಗಿನ ಸಾಲು ಬಿಚ್ಚಿಕೊಳ್ಳಿ. ನನ್ನ ಹತ್ತಿರ ಬರಲೇಬೇಕಂತಿಲ್ಲ.

ರೀಲ್ 6: ಹುಕ್

ಮಿಷನ್ ಆಫ್ ಆಯಿತು, ಅಮ್ಮನ ಕೆಲಸ ಈಗ ಶುರು.

ನಮ್ಮ ಅಂಗಡಿಯಲ್ಲಿ ಹುಕ್ಕು, ಕಾಜಾ ಎಲ್ಲ ಅಮ್ಮನ ಕೈಯಲ್ಲೇ. ಅವಳ ಬಾಯಲ್ಲಿ ಇದು ಇನ್ನೂ ಕುಬಸವೇ, ಬ್ಲೌಸ್ ಅಲ್ಲ. ಒಂದೊಂದು ಹುಕ್ಕಿಗೂ ಕೆಳಗಿನ ಎರಡು ಉಂಗುರಕ್ಕೂ ದಾರ, ಮೇಲಿನ ಕೊಕ್ಕೆಯ ಬುಡಕ್ಕೂ ದಾರ. ಬುಡಕ್ಕೆ ಹಾಕದಿದ್ದರೆ ಹುಕ್ಕು ತಲೆ ಎತ್ತುತ್ತದೆ, ಸೀರೆಗೆ ಸಿಕ್ಕಿಕೊಳ್ಳುತ್ತದೆ.

ಅಕ್ಕ ಹಾಕಿಕೊಂಡು ನೋಡಿದರು. ಕೈ ಮೇಲೆತ್ತಿದರು, ಕಂಕುಳಲ್ಲಿ ಎಲ್ಲೂ ಹಿಡಿಯಲಿಲ್ಲ. "ಹಳೇ ಬ್ಲೌಸನ್ನೂ ಹಿಂಗೇ ಮಾಡಿಕೊಡ್ತೀಯಾ?" ಅಂದರು.

ಪಂಚಮಿ ಹಬ್ಬಕ್ಕೆ ಬೇಕಂದರೆ ಆಷಾಢದಲ್ಲೇ ತಂದುಕೊಡಿ. ಹಿಂದಿನ ದಿನ ಸಂಜೆ ಬಂದು "ಒಂದೇ ಬ್ಲೌಸ್ ಅಲ್ವಾ" ಅನ್ನುವವರು ಈ ಆರೂ ರೀಲ್ಸ್ ಇನ್ನೊಂದ್ಸಲ ನೋಡಿ.