ಎಲೆ ಚುಕ್ಕೆ ರೋಗ: ಶನಿವಾರ ಸಂಜೆಯ ಆನ್‌ಲೈನ್ ಸಭೆಗೆ ಸೇರುವುದು ಹೇಗೆ

ನಿಟ್ಟೂರು, ಸಂಪೆಕಟ್ಟೆ ಸುತ್ತಿನ ಎಲ್ಲ ಅಡಿಕೆ ಬೆಳೆಗಾರರಿಗೆ ನಮಸ್ಕಾರ.

ದಿನ: ಮೇ 16, 2026, ಶನಿವಾರ
ಸಮಯ: ಸಂಜೆ 7:30ರಿಂದ 9:00
ಲಿಂಕ್: https://meet.google.com/kxv-tmbq-wrd
ದುಬೈ ಕಡೆ ಇರುವ ಮಕ್ಕಳಿಗೆ ಸಂಜೆ 6:00. ನ್ಯೂಯಾರ್ಕ್ ಕಡೆಯವರಿಗೆ ಬೆಳಿಗ್ಗೆ 10:00.

ಹಾಲು ಕರೆದು, ಸ್ನಾನ ಮುಗಿಸಿ ಕೂರಲಿ ಅಂತಲೇ ಏಳೂವರೆ ಇಟ್ಟಿದ್ದೇವೆ. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯುವ ವಿಚಾರ ತೀರ್ಮಾನ ಆಗಬೇಕು. ಜೂನ್‌ಗೆ ತಳ್ಳಿದರೆ ಮಾತಾಡಿ ಪ್ರಯೋಜನವಿಲ್ಲ. ಸಸ್ಯರೋಗ ತಜ್ಞರೊಬ್ಬರು ಸಿಗುತ್ತಿರುವುದು ಈ ಒಂದೂವರೆ ಗಂಟೆ ಮಾತ್ರ. ಅವರು ನಮ್ಮ ತೋಟಕ್ಕೆ ಬರುತ್ತಿಲ್ಲ, ನಮ್ಮ ಫೋಟೋ ನೋಡಿಯೇ ಹೇಳಬೇಕು. ಹಾಗಾಗಿ ಈ ಸಭೆಯ ಅರ್ಧ ಕೆಲಸ ಗುರುವಾರದೊಳಗೆ ತೋಟದಲ್ಲೇ ಆಗಬೇಕು.

ಫೋಟೋ ವಿಚಾರ

ಸೋಗೆ ಹಳದಿ ಆದದ್ದೆಲ್ಲ ಎಲೆ ಚುಕ್ಕೆ ಅಲ್ಲ. ಹಳದಿ ಎಲೆ ರೋಗ ಬೇರೆ, ಗೊಬ್ಬರ ಸಾಲದೆ ಹಳದಿ ಆಗುವುದು ಬೇರೆ. ಎಲೆ ಚುಕ್ಕೆ ಶಿಲೀಂಧ್ರದಿಂದ ಬರುವಂಥದ್ದು, ಅದಕ್ಕೆ ಔಷಧಿ ಹೊಡೆಯಬಹುದು. ಹಳದಿ ಎಲೆ ರೋಗಕ್ಕೆ ಅದೇ ಔಷಧಿ ಹೊಡೆದರೆ ದುಡ್ಡೂ ಹೋಯಿತು, ಕೊನೆಗೌಡರ ಕೂಲಿಯೂ ಹೋಯಿತು. ಫೋಟೋ ಸರಿಯಾಗಿದ್ದರೆ ತಜ್ಞರು ಇವನ್ನು ಬೇರೆ ಮಾಡಿ ಹೇಳಬಹುದು. "ಚುಕ್ಕೆ ಚುಕ್ಕೆ ಉಂಟು ಮಾರಾಯ್ರೆ" ಅಂದರೆ ಅವರು ಏನು ಹೇಳಿಯಾರು?

ಪ್ರತಿ ತೋಟದಿಂದ ನಾಲ್ಕು ಫೋಟೋ ಸಾಕು. ಮೊದಲನೆಯದು ಸ್ವಲ್ಪ ದೂರ ನಿಂತು, ಬುಡದಿಂದ ಚಂಡೆಯವರೆಗೆ ಇಡೀ ಮರ. ಎರಡನೆಯದು ರೋಗ ಬಂದ ಒಂದು ಸೋಗೆ ಪೂರ್ತಿ, ನೆಲದ ಮೇಲೆ ಹರಡಿ. ಮೂರನೆಯದು ಒಂದೇ ಎಸಳು, ತೀರಾ ಹತ್ತಿರದಿಂದ. ಬಿಳಿ ಕಾಗದ ಅಥವಾ ಬಿಳಿ ಪಂಚೆ ಮೇಲೆ ಇಟ್ಟು ತೆಗೆಯಿರಿ, ಕಂದು ಚುಕ್ಕೆಯ ಸುತ್ತ ಹಳದಿ ಅಂಚು ಇದೆಯೋ ಇಲ್ಲವೋ ಎದ್ದು ಕಾಣುತ್ತದೆ. ನಾಲ್ಕನೆಯದು ಅದೇ ಎಸಳಿನ ಹಿಂಭಾಗ. ಕಾಯಿ ಮೇಲೂ ಚುಕ್ಕೆ ಇದ್ದರೆ ಅದರದ್ದೂ ಒಂದು ಇರಲಿ.

ಬೆಳಿಗ್ಗೆ ಒಳ್ಳೆ ಬೆಳಕಿನಲ್ಲಿ ತೆಗೆಯಿರಿ. ರಾತ್ರಿ ಬ್ಯಾಟರಿ ಬಿಟ್ಟು ತೆಗೆದ ಫೋಟೋದಲ್ಲಿ ಎಲೆಯೆಲ್ಲ ಬೆಳ್ಳಗೆ ಹೊಳೆಯುತ್ತದೆ, ಚುಕ್ಕೆ ಮಾಯ! ವಾಟ್ಸಾಪ್‌ನಲ್ಲಿ ಕಳಿಸುವಾಗ Gallery ಬದಲು Document ಒತ್ತಿ, ಅಲ್ಲಿಂದ ಫೋಟೋ ಆರಿಸಿ. ಹಾಗೆ ಕಳಿಸಿದರೆ ಫೋಟೋ ಮಸುಕಾಗುವುದಿಲ್ಲ. ಗುರುವಾರ ರಾತ್ರಿಯೊಳಗೆ ನಮ್ಮ ಬಳಗದ ಗುಂಪಿಗೆ ಹಾಕಿ, ಕೆಳಗೆ ಊರು ಮತ್ತು ಮನೆ ಹೆಸರು ಬರೆಯಿರಿ. ಆಮೇಲೆ ಬಂದದ್ದನ್ನು ತಜ್ಞರಿಗೆ ತಲುಪಿಸಲು ಆಗುವುದಿಲ್ಲ. ಶುಕ್ರವಾರ ಬೆಳಿಗ್ಗೆಯೇ ಎಲ್ಲ ಒಟ್ಟು ಮಾಡಿ ಕಳಿಸಬೇಕು.

ಕೈಯಲ್ಲಿ ಇರಬೇಕಾದ್ದು

ಒಂದು ಪುಸ್ತಕ, ಪೆನ್ನು. ಅದರಲ್ಲಿ ಮೊದಲೇ ಇಷ್ಟು ಬರೆದಿಟ್ಟುಕೊಳ್ಳಿ: ಮರ ಎಷ್ಟು, ಎಷ್ಟು ವರ್ಷದ ತೋಟ, ಚುಕ್ಕೆ ಮೊದಲು ಕಂಡದ್ದು ಯಾವಾಗ, ಕಳೆದ ವರ್ಷ ಏನು ಹೊಡೆದಿರಿ, ಎಷ್ಟು ಸಲ. ಔಷಧಿಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಬಾಟಲಿಯನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಿ. "ಆ ಕೆಂಪು ಮುಚ್ಚಳದ್ದು" ಅಂದರೆ ಅಂಗಡಿಯವರಿಗೆ ಗೊತ್ತಾದೀತು, ಇವರಿಗೆ ಗೊತ್ತಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಚೀಟಿಯೂ ಇರಲಿ.

ಬೋರ್ಡೋ ನೀವು ನಿಜವಾಗಿ ಹೇಗೆ ಮಾಡುತ್ತೀರಿ ಎಂಬುದನ್ನೂ ಬರೆದಿಡಿ. ಲೆಕ್ಕದ ಪ್ರಕಾರ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆದರೆ ಸುಣ್ಣ ಹಳೆಯದಾದರೆ ಅಷ್ಟು ಸಾಲುವುದಿಲ್ಲ. ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕೆ ಉಳಿದಿದೆ? ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಇನ್ನೂ ಬೇಕು ಅಂತ. ಇದನ್ನು ತಜ್ಞರು ಕೇಳಿಯೇ ಕೇಳುತ್ತಾರೆ, ಸುಮ್ನೆ "ಸರಿಯಾಗೇ ಮಾಡ್ತೇವೆ" ಅನ್ನಬೇಡಿ.

ಆಧಾರ್, ಪಹಣಿ, ಪಾಸ್‌ಬುಕ್ ಯಾವುದೂ ಬೇಡ. ಈ ಸಭೆಗೆ ಶುಲ್ಕ ಇಲ್ಲ, ಒಟಿಪಿ ಇಲ್ಲ. ಸಭೆಯ ಹೆಸರು ಹೇಳಿ ಯಾರಾದರೂ ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಕೊನೆಯಲ್ಲಿ apk ಅಂತ ಇರುವ ಫೈಲ್ ಬಂದರೆ ಮುಟ್ಟಲೇಬೇಡಿ, ಅದು ನಾವು ಕಳಿಸಿದ್ದಲ್ಲ. ಮೇಲಿನ ಲಿಂಕ್ ಒಂದೇ ನಮ್ಮದು.

ಸೇರುವುದು

ಫೋನಿನಲ್ಲಿ Google Meet ಇಲ್ಲದಿದ್ದರೆ Play Store ಇಂದ ಹಾಕಿಕೊಳ್ಳಿ. ಶನಿವಾರ ಸಂಜೆಗೆ ಇಡಬೇಡಿ. ಲ್ಯಾಪ್‌ಟಾಪ್ ಇದ್ದವರಿಗೆ ಏನೂ ಹಾಕುವುದು ಬೇಡ, ಲಿಂಕನ್ನು Chrome ನಲ್ಲಿ ತೆರೆದರೆ ಆಯಿತು. 7:15ಕ್ಕೆ ಲಿಂಕ್ ಒತ್ತಿ. Ask to join ಅಂತ ಕಂಡರೆ ಅದನ್ನು ಒತ್ತಿ ಕಾಯಿರಿ, ನಾನು ಒಳಗೆ ಬಿಡುತ್ತೇನೆ. ಮೊಮ್ಮಗಳ ಫೋನಿನಿಂದ ಬಂದರೆ ನನಗೆ ಮೊಮ್ಮಗಳ ಹೆಸರೇ ಕಾಣುವುದು. ಹಾಗಿದ್ದರೆ ಗುಂಪಿನಲ್ಲಿ ಮೊದಲೇ ಒಂದು ಸಾಲು ಹಾಕಿ. ಪರಿಚಯ ಇಲ್ಲದ ಹೆಸರನ್ನು ಒಳಗೆ ಬಿಡುವುದಿಲ್ಲ.

ಮೈಕ್ ಆಫ್ ಇರಲಿ. ಮಾತಾಡಬೇಕಾದಾಗ ಕೈ ಎತ್ತುವ ಗುರುತು ಒತ್ತಿ, ಕರೆದ ಮೇಲೆ ಆನ್ ಮಾಡಿ. ಒಂದೇ ಕೋಣೆಯಲ್ಲಿ ಎರಡು ಫೋನ್ ಹಚ್ಚಿದರೆ ಕೂಂಯ್ ಅಂತ ಕೂಗುತ್ತದೆ. ಅಪ್ಪ ಮಗ ಒಂದರಲ್ಲೇ ಕೂರಿ, ಆಗದಾ? ಕ್ಯಾಮೆರಾ ಬೇಡವೇ ಬೇಡ, ಮುಖ ನೋಡಿದ್ದೇ ಅಲ್ವಾ. ಅದನ್ನು ಆಫ್ ಇಟ್ಟರೆ ಡೇಟಾ ಉಳಿಯುತ್ತದೆ, ದನಿಯೂ ಕಡಿಯುವುದಿಲ್ಲ.

ಇದು ಬಿಟ್ಟಿ Meet, ಒಂದು ಗಂಟೆಗೆ ತಾನಾಗಿ ಮುಗಿಯುತ್ತದೆ. 7:15ಕ್ಕೇ ಶುರುವಾದರೆ 8:15ರ ಆಸುಪಾಸು ಎಲ್ಲರೂ ಹೊರಗೆ ಬೀಳುತ್ತೇವೆ. ಗಾಬರಿ ಬೇಡ, ಅದೇ ಲಿಂಕ್ ಮತ್ತೆ ಒತ್ತಿ.

ಕರೆಂಟು, ಗುಡುಗು, ನೆಟ್‌ವರ್ಕ್

ಮೇ ತಿಂಗಳ ಸಂಜೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮಧ್ಯಾಹ್ನವೇ ಫೋನ್ ಪೂರ್ತಿ ಚಾರ್ಜ್ ಮಾಡಿಡಿ. ಮಿಂಚು ಶುರುವಾದರೆ ವೈಫೈ ಡಬ್ಬದ ಪ್ಲಗ್ ಕಿತ್ತುಬಿಡಿ, ಮೊಬೈಲ್ ಡೇಟಾದಲ್ಲಿ ಮುಂದುವರಿಸಿ. ಚಾರ್ಜಿಗೆ ಹಾಕಿದ ಫೋನ್ ಹಿಡಿದು ಕೂರಬೇಡಿ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ಮೇಲೆ ಹೋಗುವವರು ಮೋಡ ಕಂಡರೆ ಹೋಗಲೇಬೇಡಿ. ಔಷಧಿಗಿಂತ ಜೀವ ಜಾಸ್ತಿ.

ಮನೆಯಲ್ಲಿ ಸಿಗ್ನಲ್ ಇಲ್ಲದವರು, ಸ್ಮಾರ್ಟ್‌ಫೋನ್ ಇಲ್ಲದವರು ಬಳಗದ ಗೋದಾಮಿಗೆ ಬನ್ನಿ. ಅಲ್ಲಿ ಲ್ಯಾಪ್‌ಟಾಪ್, ದೊಡ್ಡ ಸ್ಪೀಕರ್, ಇನ್ವರ್ಟರ್ ಇದೆ. ಏಳು ಗಂಟೆಗೆ ಚಹಾ. ಬರುವವರು ಶುಕ್ರವಾರದೊಳಗೆ ಹೇಳಿದರೆ ಕುರ್ಚಿ ಹಾಕಿಸಲು ಅನುಕೂಲ.

ಮೊದಲ ಸಲ ಸೇರುವವರಿಗೆ ಶುಕ್ರವಾರ ಸಂಜೆ 7:00ಕ್ಕೆ ಇದೇ ಲಿಂಕಿನಲ್ಲಿ ಒಂದು ಟ್ರಯಲ್ ಇದೆ. ಹತ್ತು ನಿಮಿಷ ಸಾಕು. ಮೈಕ್ ಎಲ್ಲಿ, ಸ್ಪೀಕರ್ ಎಲ್ಲಿ ಅಂತ ಅವತ್ತೇ ನೋಡಿಕೊಂಡರೆ ಶನಿವಾರ "ಕೇಳ್ತಾ ಉಂಟಾ, ಕೇಳ್ತಾ ಉಂಟಾ" ಅನ್ನುವುದರಲ್ಲೇ ಸಮಯ ಹೋಗುವುದಿಲ್ಲ.

ಬೆಂಗಳೂರಿನಲ್ಲಿರುವ ಮಕ್ಕಳೂ ಸೇರಲಿ. ಕೂಲಿ, ಔಷಧಿಗೆ ದುಡ್ಡು ಹಾಕುವ ಮಾತು ಬಂದಾಗ ಅವರೂ ಕೇಳಿಸಿಕೊಂಡಿದ್ದರೆ ಮನೆಯಲ್ಲಿ ಮತ್ತೆ ಒಪ್ಪಿಸುವ ಕಷ್ಟ ಇಲ್ಲ.

ಸಭೆ ರೆಕಾರ್ಡ್ ಆಗುವುದಿಲ್ಲ. ತಜ್ಞರು ಹೇಳಿದ ಔಷಧಿ, ಅಳತೆ, ಹೊಡೆಯುವ ಅಂತರ ಇಷ್ಟನ್ನು ಬರೆದು, ಅವರಿಗೆ ಒಮ್ಮೆ ತೋರಿಸಿ, ಭಾನುವಾರ ಸಂಜೆ ಗುಂಪಿಗೆ ಹಾಕುತ್ತೇನೆ. ಅದು ಬರುವವರೆಗೆ ಅಂಗಡಿಗೆ ಹೋಗಿ ಔಷಧಿ ತರಬೇಡಿ.

ಏನಾದರೂ ತೊಡಕಾದರೆ ನನಗೇ ಫೋನ್ ಮಾಡಿ, ನಂಬರ್ ಎಲ್ಲರ ಹತ್ತಿರವೂ ಇದೆ. ಶನಿವಾರ 7:30ರ ನಂತರ ಮಾತ್ರ ಫೋನ್ ಎತ್ತಲು ಆಗುವುದಿಲ್ಲ, ಗುಂಪಿನಲ್ಲಿ ಬರೆಯಿರಿ.

ಕಾರ್ಯದರ್ಶಿ,
ಅಡಿಕೆ ಬೆಳೆಗಾರರ ಬಳಗ