ಮಧ್ಯದ ಫ್ರೇಮು

"ಇದನ್ನ ಇವತ್ತು ರಾತ್ರಿನೇ ಬಿಡಬೇಕು ಕಣೋ," ಅಂದ ಕಿರಣ. ಸರಸ್ವತಿಪುರಂನ ಟೀ ಅಂಗಡಿ ಮುಂದೆ ನನ್ನ ಕ್ಯಾಮೆರಾದ ಪರದೆಗೆ ಮೂಗು ತಾಗಿಸಿಕೊಂಡು ನಿಂತಿದ್ದ. ಘೋಷಣೆ ಕೂಗಿ ಕೂಗಿ ಗಂಟಲು ಕೂತಿತ್ತು. "ನಾಳೆ ಬೆಳಿಗ್ಗೆ ಹೊತ್ತಿಗೆ ಇಡೀ ರಾಜ್ಯಕ್ಕೇ ಗೊತ್ತಾಗುತ್ತೆ."

ಅವನು ನೋಡುತ್ತಿದ್ದದ್ದು DSC_4418.JPG. ನಾನು ತೆಗೆದ ಚಿತ್ರಗಳಲ್ಲೇ ಚೆನ್ನಾಗಿ ಬಂದಿದ್ದು, ಅದರಲ್ಲಿ ಅನುಮಾನ ಬೇಡ. ಭವ್ಯಳ ತಲೆ ಹಿಂದಕ್ಕೆ ಬಾಗಿದೆ. ಬಾಯಿ ತೆರೆದಿದೆ, ಜಡೆ ಅರ್ಧ ಬಿಚ್ಚಿದೆ. ಅವಳ ಕತ್ತಿನ ಹತ್ತಿರ ಮಹಿಳಾ ಕಾನ್‌ಸ್ಟೇಬಲ್ ಒಬ್ಬರ ಎರಡೂ ಕೈ. ಆಕೆ ಹಲ್ಲು ಕಚ್ಚಿದ್ದಾರೆ. ಪಡುವಣ ಬಿಸಿಲು ಇಬ್ಬರ ಮುಖಕ್ಕೂ ಒಂದೇ ಥರ ಬಿದ್ದಿದೆ. ಭವ್ಯಳ ಮುಷ್ಟಿಯಲ್ಲಿ ಹರಿದ ರಟ್ಟಿನ ಚೂರು. "ಹಾಲ್ ಟಿಕೆಟ್ ನಮ್ಮ ಹಕ್ಕು" ಅಂತ ನಾವೇ ಹಿಂದಿನ ರಾತ್ರಿ ಬರೆದಿದ್ದು, ಈಗ "ನಮ್ಮ ಹ" ಅನ್ನುವಷ್ಟೇ ಉಳಿದಿತ್ತು. ಬೇಕು ಅಂತ ಹೇಳಿ ಮಾಡಿಸಿದರೂ ಹೀಗೆ ಬರುತ್ತಿರಲಿಲ್ಲ.

ಗಲಾಟೆ ಶುರುವಾಗಿದ್ದು ಹಾಲ್ ಟಿಕೆಟ್‌ನಿಂದ. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದ ಸ್ಕಾಲರ್‌ಶಿಪ್ ದುಡ್ಡು ಅರ್ಧಕ್ಕರ್ಧ ಹುಡುಗರ ಖಾತೆಗೆ ಬಂದಿರಲಿಲ್ಲ. ಫೀಸ್ ಬಾಕಿ ಇದ್ದವರಿಗೆ ಹಾಲ್ ಟಿಕೆಟ್ ಕೊಡಲ್ಲ ಅಂತ ಕಾಲೇಜಿನವರು ಪಟ್ಟು ಹಿಡಿದರು. ಪರೀಕ್ಷೆ ಮುಂದಿನ ವಾರ. ಗೇಟಿನ ಮುಂದೆ ಕೂತೆವು. ಪೊಲೀಸರು ಬಂದರು. ಇಷ್ಟೇ.

"ಕಿರಣ, 4415 ನೋಡು," ಅಂದೆ.

ನೋಡಿದ. ಗೇಟಿನ ಮೇಲಿನ ಚೂಪು ಕಂಬಿಗೆ ಭವ್ಯಳ ವೇಲು ಸಿಕ್ಕಿಕೊಂಡಿದೆ. ಹಿಂದಿನಿಂದ ಹುಡುಗರು ಗೇಟು ತಳ್ಳುತ್ತಿದ್ದಾರೆ. ಗೇಟು ಹಿಂದಕ್ಕೆ ಸರಿದಷ್ಟೂ ವೇಲು ಕತ್ತಿಗೆ ಬಿಗಿಯುತ್ತಿದೆ. 4416ರಲ್ಲಿ ಆ ಕಾನ್‌ಸ್ಟೇಬಲ್ ಓಡಿ ಬರುತ್ತಿದ್ದಾರೆ, ಅವರ ಲಾಠಿ ಹಿಂದೆ ನೆಲದ ಮೇಲೆ ಬಿದ್ದಿದೆ. 4418ರಲ್ಲಿ ಆಕೆಯ ಬೆರಳು ವೇಲಿನ ಒಳಗೆ ತೂರಿದೆ, ದೊಡ್ಡದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ. 4421ರಲ್ಲಿ ವೇಲು ಹರಿದಿದೆ, ಇಬ್ಬರೂ ಕೆಳಗೆ ಕೂತಿದ್ದಾರೆ. ಭವ್ಯ ಕೆಮ್ಮುತ್ತಾ ಆಕೆಯ ಹೆಗಲಿಗೆ ಒರಗಿದ್ದಾಳೆ. ಆದರೆ ಆ ಚಿತ್ರ ಓರೆ, ಫೋಕಸ್ ಇಲ್ಲ, ಯಾರದೋ ಮೊಣಕೈ ಅರ್ಧ ಮುಚ್ಚಿದೆ. ಸರಿಯಾಗಿ ಬಂದಿದ್ದು ಮಧ್ಯದ್ದೊಂದೇ.

"ಅಂದ್ರೆ ಆಯಮ್ಮ ಬಿಡಿಸೋಕೆ ಬಂದಿದ್ದು," ಅಂದೆ.

ಕಿರಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸೈಕಲ್ ಸ್ಟ್ಯಾಂಡ್ ಹತ್ರ ಲಾಠಿ ಬೀಸಿದ್ದು ಸುಳ್ಳಾ?"

"ಅಲ್ಲ."

"ಮಂಜುನ ಕೈ ಮುರಿದಿದ್ದು ಸುಳ್ಳಾ?"

"ಅಲ್ಲಪ್ಪ."

"ಅದರ ಫೋಟೊ ಇದೆಯಾ ನಿನ್ನ ಹತ್ರ?"

ಇರಲಿಲ್ಲ. ಆಗ ನಾನು ಗೇಟಿನ ಈ ಕಡೆ ಇದ್ದೆ. ಕೂಗಾಟ ಕೇಳಿ ಆ ಕಡೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮತ್ತಿನ್ನೇನು! ಹೊಡೆದಿದ್ದು ನಿಜ. ಹೊಡೆದಿದ್ದಕ್ಕೆ ಒಂದು ಫೋಟೊ ಬೇಕು. ಇದು ಇದೆ. ನಾವೇನು ಇಲ್ಲದ್ದನ್ನ ಹೇಳ್ತಿದೀವಾ?"

ಈ ಮಾತಿಗೆ ನನ್ನ ಬಳಿ ತಕ್ಷಣ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕಿರಣ ಕೆಟ್ಟವನಲ್ಲ. ಮಂಜುನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನು ಅವನೇ. ಅವನ ಅಂಗಿ ಮೇಲೆ ಇನ್ನೂ ಮಣ್ಣಿತ್ತು.

ರೂಮಿಗೆ ಬಂದು ಲ್ಯಾಪ್‌ಟಾಪ್‌ಗೆ ಕಾರ್ಡ್ ಹಾಕಿದೆ. ದೊಡ್ಡ ಪರದೆಯಲ್ಲಿ 4418 ಇನ್ನೂ ಜೋರಾಗಿತ್ತು. ಅಂಚಿನಲ್ಲಿ ಬೇರೆ ಪೊಲೀಸಿನವನ ಲಾಠಿ ಮಸುಕಾಗಿ ಕಾಣುತ್ತಿತ್ತು. ಸ್ವಲ್ಪ ಕ್ರಾಪ್ ಮಾಡಿದರೆ ಆಯಮ್ಮನ ಕೈಯಲ್ಲೇ ಲಾಠಿ ಇದ್ದಂತೆ! ಮೌಸ್ ಆ ಕಡೆ ಹೋಗಿದ್ದೂ ಉಂಟು.

ನಮಗೆ ಫೋಟೊ ಜರ್ನಲಿಸಂ ಹೇಳಿಕೊಡುವ ಮೇಷ್ಟ್ರು ಒಮ್ಮೆ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಚಿತ್ರ ತೋರಿಸಿದ್ದರು. 1970ರ ಮೇ 4. ಯುದ್ಧ ಬೇಡ ಅಂತ ಸೇರಿದ್ದ ಹುಡುಗರ ಮೇಲೆ ಗುಂಡು ಹಾರಿಸಿದರು. ನಾಲ್ಕು ಜನ ಸತ್ತರು. ಬಿದ್ದ ಹುಡುಗನ ಪಕ್ಕ ಮಂಡಿಯೂರಿ ಕಿರುಚುತ್ತಿರುವ ಹುಡುಗಿಯ ಚಿತ್ರ ತೆಗೆದವನು ಜಾನ್ ಫಿಲೊ, ಅವನೂ ಅಲ್ಲಿಯ ವಿದ್ಯಾರ್ಥಿಯೇ. ಪುಲಿಟ್ಜರ್ ಬಂತು. ಆ ಹುಡುಗಿ ಆ ಕಾಲೇಜಿನವಳೇ ಅಲ್ಲ. ಮನೆ ಬಿಟ್ಟು ಬಂದಿದ್ದ 14 ವರ್ಷದ ಹುಡುಗಿ. ಚಿತ್ರದಿಂದಾಗಿ ಅವಳು ಯಾರು ಅಂತ ಜಗತ್ತಿಗೆಲ್ಲ ಗೊತ್ತಾಯಿತು. ಅವಳ ತಲೆಯ ಹಿಂದೆ ಒಂದು ಬೇಲಿ ಕಂಬ ಇತ್ತಂತೆ. ಆಮೇಲೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಕಂಬ ಇಲ್ಲ. ನೋಡೋಕೆ ಚೆನ್ನಾಗಿರಲಿ ಅಂತ ಯಾರೋ ಅಳಿಸಿದ್ದರು. ಒಂದು ಕಂಬ ತಾನೆ ಅಂತ ಆ ದಿನ ಕ್ಲಾಸಿನಲ್ಲಿ ನಾವೆಲ್ಲ ನಕ್ಕಿದ್ದೆವು.

ಮಂಡ್ಯಕ್ಕೆ, ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಕ್ಯಾಮೆರಾ ಅವರದೇ. ವಿ.ವಿ. ರಸ್ತೆ ಹತ್ತಿರ ಸ್ಟುಡಿಯೋ ಇಟ್ಟಿದ್ದಾರೆ, ಮದುವೆ ಸೀಸನ್ನಲ್ಲಿ ಮಾತಾಡೋಕೂ ಪುರುಸೊತ್ತಿಲ್ಲ. ಎಲ್ಲ ಹೇಳಿದೆ.

"ನೋಡು ನಂದೀಶ, ತಾಳಿ ಕಟ್ಟೋ ಟೈಮಲ್ಲಿ ಯಾವನೋ ಅಡ್ಡ ಬಂದ ಅಂತ ಇಟ್ಕೊ. 'ಸ್ವಾಮಿ, ಒಸಿ ಹಂಗೇ ಹಿಡ್ಕೊಳ್ಳಿ' ಅಂತ ಇನ್ನೊಂದ್ಸಲ ಹಿಡಿಸಿ ತೆಗೀತೀವಿ. ಮದ್ವೆ ಆಗಿದ್ದು ನಿಜ ತಾನೆ? ಯಾವನೂ ಸುಳ್ಳು ಆಲ್ಬಂ ಅನ್ನಲ್ಲ."

"ಹಂಗಾದ್ರೆ ಹಾಕ್ಲಾ?"

"ನಾ ಎಲ್ಲಿ ಹಾಕು ಅಂದೆ? ಮದ್ವೇಲಿ ಗಂಡೂ ಹೆಣ್ಣೂ ಇಬ್ರೂ ಒಪ್ಪಿ ನಿಂತಿರ್ತಾರೆ ಕಣ್ಲಾ." ಹಿಂದೆ ಓಲಗದ ಸದ್ದು. "ಬುಡು, ಧಾರೆ ಶುರುವಾಯ್ತು," ಅಂತ ಇಟ್ಟುಬಿಟ್ಟರು.

ಸ್ಥಳೀಯ ಪತ್ರಿಕೆಯೊಂದರ ಉಪಸಂಪಾದಕರು ಹೇಗೋ ವಿಷಯ ತಿಳಿದು ಫೋನ್ ಮಾಡಿದರು. ಮೈಸೂರಿನಲ್ಲಿ ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ. ಮುಖಪುಟ ಕೊಡುತ್ತೇವೆ, ಹೆಸರು ಹಾಕುತ್ತೇವೆ, ಒಂಬತ್ತೂವರೆಗೆ ಪುಟ ಬಿಡಬೇಕು. ನಾಲ್ಕು ಚಿತ್ರ ಕಳಿಸಲಾ ಅಂದೆ. "ಜಾಗ ಎಲ್ಲಿದೆಯಪ್ಪಾ? ಒಂದೇ ಕೊಡು. ಬಿಡಿಸೋಕೆ ಬಂದಿದ್ದು ಅಂತ ಅಡಿಬರಹದಲ್ಲಿ ಹಾಕೋಣ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಪೇಪರ್ ಬಂದ ಅರ್ಧ ಗಂಟೆಗೆ ಯಾರೋ ಮೊಬೈಲಲ್ಲಿ ಅದರ ಫೋಟೊ ತೆಗೆದು, ಅಡಿಬರಹ ಕತ್ತರಿಸಿ, ಗುಂಪಿಗೆ ಹಾಕುತ್ತಾರೆ. ವಾಟ್ಸಾಪ್‌ನಲ್ಲಿ ಒಂದು ಸಲ ಓಡಾಡಿದ ಚಿತ್ರದೊಳಗೆ ತೆಗೆದ ಹೊತ್ತೂ ಉಳಿಯಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರನ್ನು ಕೇಳೋದು?

ಯೋಚಿಸಿ ಹೇಳ್ತೀನಿ ಸಾರ್ ಅಂದೆ. ಭವ್ಯಳ ಹಾಸ್ಟೆಲ್‌ಗೆ ಹೋದೆ.

ಗೇಟಿನ ಹೊರಗೆ ಬಂದಳು. ಕತ್ತಿನ ಸುತ್ತ ಕೆಂಪಗೆ ಬರೆ ಎದ್ದಿತ್ತು, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದಳು. "ಹಾಕು ನಂದೀಶ. ನಮ್ಮಪ್ಪಂಗೂ ಹೇಳಿದೀನಿ. ಆಯಮ್ಮ ನನ್ನ ಕತ್ತು ಹಿಸುಕಿದ್ದು ಎಲ್ಲರಿಗೂ ಗೊತ್ತಾಗಲಿ."

ಅವಳು ಹಾಗೇ ನಂಬಿದ್ದಳು. ಕಣ್ಣು ಕತ್ತಲೆ ಬಂದಿತ್ತು, ಕಣ್ಣು ಬಿಟ್ಟಾಗ ಕಂಡಿದ್ದು ಖಾಕಿ. ಇನ್ನೇನು ಅಂದುಕೊಳ್ಳಬೇಕಿತ್ತು? ಲ್ಯಾಪ್‌ಟಾಪ್ ಬೈಕಿನ ಸೀಟಿನ ಮೇಲಿಟ್ಟು ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. 4415ಕ್ಕೆ ಬಂದಾಗ ತಾನೇ ಪರದೆ ಹತ್ತಿರ ಎಳೆದುಕೊಂಡಳು.

"ವೇಲು," ಅಂದಳು. ಆಮೇಲೆ 4418ನ್ನು ಮತ್ತೆ ತೆಗೆಸಿ ನೋಡಿದಳು. "ಇದನ್ನ ಹಾಕಿದ್ರೆ ಆಯಮ್ಮನ ಕೆಲಸ ಹೋಗುತ್ತಾ?"

"ಸಸ್ಪೆಂಡ್ ಅಂತೂ ಮಾಡಬಹುದು."

"ಹಾಕದೆ ಹೋದ್ರೆ ನಮ್ಗೆ ಹಾಲ್ ಟಿಕೆಟ್ ಬರುತ್ತಾ?"

ನಾನು ಮಾತಾಡಲಿಲ್ಲ. ವಾರ್ಡನ್ ಒಳಗಿನಿಂದ ಕೂಗಿದರು. ಹೋಗುವಾಗ ತಿರುಗಿ, "ಹಾಕೋದಾದ್ರೆ ಎಲ್ಲಾನೂ ಹಾಕು. ಅದೊಂದೇ ಬೇಡ. ಗೇಟು ತಳ್ಳಿದ್ದು ನಮ್ಮೋರೇ ಅಂತಾನೂ ಕಾಣ್ಲಿ," ಅಂದಳು.

ಪತ್ರಿಕೆಗೆ 4418 ಕೊಡಲಿಲ್ಲ. ಆಸ್ಪತ್ರೆಗೆ ಹೋಗಿ ಮಂಜುನ ಕಟ್ಟು ಹಾಕಿದ ಕೈ ತೆಗೆದು ಕಳಿಸಿದೆ. ಅವನು ನೋವಿನಲ್ಲೂ ತಲೆ ಬಾಚಿಕೊಂಡು ಕೂತ. ಒಳಪುಟದಲ್ಲಿ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಬಂತು. ಮುಖಪುಟದಲ್ಲಿ ಬೇರೇನೋ ಇತ್ತು. ಕಿರಣ ನನ್ನ ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ.

ಬೆಳಿಗ್ಗೆ ಮತ್ತೆ ಗೇಟಿಗೆ ಹೋದೆ. ಆ ಕಾನ್‌ಸ್ಟೇಬಲ್ ಬೇವಿನ ಮರದ ಕೆಳಗೆ ಡ್ಯೂಟಿಯಲ್ಲಿದ್ದರು. ಮಾತಿನಲ್ಲೇ ನಮ್ಮ ಕಡೆಯವರು ಅಂತ ಗೊತ್ತಾಯಿತು. "ಅಕ್ಕಾ, ಒಂದು ನಿಮಿಷ," ಅಂತ ಫೋನಿನಲ್ಲಿ ನಾಲ್ಕೂ ಚಿತ್ರ ತೋರಿಸಿದೆ.

4418 ನೋಡಿ ಅವರ ಮುಖ ಬಿಳಿಚಿಕೊಂಡಿತು. "ಇದ್ಯಾರಿಗೂ ಕೊಟ್ಟಿಲ್ವಾ?"

"ಇಲ್ಲ. ಹಾಕಿದ್ರೆ ನಾಲ್ಕೂ ಒಟ್ಟಿಗೆ ಹಾಕ್ತೀನಿ."

4416 ನೋಡಿ ನಾಲಿಗೆ ಕಚ್ಚಿಕೊಂಡರು. "ಲಾಠಿ ಬಿದ್ದಿರೋದೂ ಕಾಣ್ತದಲ್ಲಪ್ಪಾ. ಲಾಠಿ ಬುಟ್ಟು ಓಡ್ದೆ ಅಂತ ಸಾಹೇಬ್ರು ಆಗ್ಲೇ ಬೈದವ್ರೆ. ಅದೊಂದು ತೆಗ್ದುಬುಡೋಕೆ ಆಗಲ್ವಾ?"

"ಅದಿಲ್ಲ ಅಂದ್ರೆ ನೀವು ಯಾಕೆ ಬಂದ್ರಿ ಅನ್ನೋದೇ ಗೊತ್ತಾಗಲ್ಲ ಅಕ್ಕಾ."

ಟೋಪಿ ಸರಿ ಮಾಡಿಕೊಂಡರು. "ಕತ್ತು ಹಿಸುಕ್ದೋಳು ಅನ್ನಿಸ್ಕೊಳೋದ್ಕಿಂತ ಬೈಸ್ಕೊಳದೇ ವಾಸಿ. ಹಾಕು ಹೋಗು." ಸ್ವಲ್ಪ ತಡೆದು, "ಆ ಮಗು ಕತ್ತು ಹೆಂಗದೆ?" ಅಂದರು.

"ಬರೆ ಇದೆ. ಎಣ್ಣೆ ಹಚ್ಚಿದಾಳೆ."

"ಅರಿಶಿನ ಹಾಕು ಅನ್ನು."

ನಾಲ್ಕನ್ನೂ ಪಕ್ಕಪಕ್ಕ ಜೋಡಿಸಿ ಒಂದೇ ಚಿತ್ರ ಮಾಡಿದೆ. ಒಟ್ಟು 1080 ಪಿಕ್ಸೆಲ್ ಅಗಲ, ಒಂದೊಂದಕ್ಕೆ 270. ಮಧ್ಯದ್ದನ್ನು ಯಾರಾದರೂ ಕತ್ತರಿಸಿ ದೊಡ್ಡದು ಮಾಡಿದರೆ ಮುಖವೂ ಸರಿಯಾಗಿ ಕಾಣಬಾರದು. ನನ್ನ ಚೆನ್ನಾದ ಚಿತ್ರಕ್ಕೆ ನಾನೇ ಹೀಗೆ ಮಾಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಕೆಳಗೆ ಬರೆದೆ:

"ಗೇಟಿನ ಬಳಿ, ಸಂಜೆ 4:37. ವಿದ್ಯಾರ್ಥಿಗಳು ಗೇಟು ತಳ್ಳಿದಾಗ ವಿದ್ಯಾರ್ಥಿನಿಯ ವೇಲು ಕಂಬಿಗೆ ಸಿಕ್ಕಿತು. ಕರ್ತವ್ಯದಲ್ಲಿದ್ದ ಕಾನ್‌ಸ್ಟೇಬಲ್ ಅದನ್ನು ಬಿಡಿಸಿದರು. ಇದಕ್ಕೂ ಸ್ವಲ್ಪ ಮೊದಲು ಸೈಕಲ್ ಸ್ಟ್ಯಾಂಡ್ ಬಳಿ ಪೊಲೀಸರು ಲಾಠಿ ಬೀಸಿದರು, ಒಬ್ಬ ವಿದ್ಯಾರ್ಥಿಯ ಕೈ ಮುರಿದಿದೆ. ಅದರ ಚಿತ್ರ ನನ್ನ ಬಳಿ ಇಲ್ಲ. ಅಲ್ಲಿ ಮೊಬೈಲಲ್ಲಿ ತೆಗೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಲ್ ಟಿಕೆಟ್ ಇನ್ನೂ ಕೊಟ್ಟಿಲ್ಲ."

ಹಾಕುವ ಮೊದಲು ಭವ್ಯಳಿಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದಳು.

"ಎಲ್ಲಾ ಸರಿ ಇದೆ. ಆ ವೇಲು ನಮ್ಮಕ್ಕಂದು ಕಣೋ. ಹರಿದಿರೋದು ಅವಳಿಗೆ ಗೊತ್ತಿಲ್ಲ."

"ತೆಗೀಲಾ?"

"ಬೇಡ ಬಿಡು. ನಾನೇ ಈಗ ಹೇಳ್ತೀನಿ. ಒಂದು ಹತ್ತು ನಿಮಿಷ ಬಿಟ್ಟು ಹಾಕು."